ಹಳೇ ಫೋಟೋದ ಒಳಗಿನ ತಮಾಷೆಯನ್ನು ಪತ್ರದಲ್ಲಿ ಬರೆಯುವುದು

"ಮುಂದಿನ ತಿಂಗಳು ಕುಟುಂಬದವರೆಲ್ಲ ಸೇರ್ತಿದ್ದೇವೆ. ಹೊರದೇಶದಲ್ಲಿರುವ ಕಸಿನ್‌ಗೆ ಒಂದು ಹಳೇ ಫೋಟೋ ನೋಡಿ ನಾವ್ಯಾಕೆ ನಗ್ತೇವೆ ಅಂತಲೇ ಗೊತ್ತಿಲ್ಲ. ಪತ್ರದಲ್ಲಿ ಹೇಗೆ ವಿವರಿಸಲಿ?"

ನಾನು ಹೋದ ವರ್ಷ ಇದೇ ಕೆಲಸ ಮಾಡಿದ್ದೆ. ನಮ್ಮದು ಕಾಸರಗೋಡಿನ ನೀರ್ಚಾಲು ಕಡೆ. ಅತ್ತೆಯ ಮಗ ಬೆಂಗಳೂರಲ್ಲಿ ಬೆಳೆದು ಈಗ ಜರ್ಮನಿಯಲ್ಲಿದ್ದಾನೆ. ಕನ್ನಡ ಚೆನ್ನಾಗಿ ಓದುತ್ತಾನೆ, ಮಲಯಾಳ ಒಂದಕ್ಷರ ಬಾರದು. ಅವನಿಗೆ ನಗು ಬಾರದ್ದಕ್ಕೆ ಕಾರಣ ಅಷ್ಟೇ.

ಮೊದಲ ಸಲ ಕಥೆ ಪೂರ್ತಿ ಹೇಳಿ, ಕೊನೆಗೆ ಶಬ್ದದ ಅರ್ಥ ಬರೆದೆ. ಸಪ್ಪೆಯಾಯಿತು. ಹರಿದು ಹಾಕಿ, ಶಬ್ದದಿಂದಲೇ ಶುರು ಮಾಡಿದೆ:

"ಬಾವಾ, ಮಲಯಾಳದಲ್ಲಿ ಪಟ್ಟಿ ಅಂದರೆ ನಾಯಿ, ಎವಿಡೆ ಅಂದರೆ ಎಲ್ಲಿ. ನಮ್ಮ ಪಟ್ಟಿಗೆ ಅವರು ಪಟ್ಟಿಕ ಅನ್ನುತ್ತಾರೆ. ಇಷ್ಟು ನೆನಪಿಟ್ಟುಕೊಂಡು ಫೋಟೋ ನೋಡು. ಅಜ್ಜನ ಷಷ್ಟಿಪೂರ್ತಿ, 1988. ಯಾರ ಪಕ್ಕ ಯಾರು ನಿಲ್ಲಬೇಕು ಅಂತ ದೊಡ್ಡಪ್ಪ ಹಿಂದಿನ ರಾತ್ರಿ ಕೂತು ಪಟ್ಟಿ ಬರೆದಿದ್ದರು. ಬೆಳಿಗ್ಗೆ ಅದು ಕಾಣಲಿಲ್ಲ. ಫೋಟೋದವನ ಜೊತೆ ಕಾಞಂಗಾಡಿನಿಂದ ಒಬ್ಬ ಹುಡುಗ ಬಂದಿದ್ದ. ಅವನಿಗೆ ಅರ್ಥವಾಗಲಿ ಅಂತ ದೊಡ್ಡಪ್ಪ ತಮಗೆ ಬರುವ ಮಲಯಾಳದಲ್ಲೇ ಕೂಗಿದರು: 'ಪಟ್ಟಿ ಎವಿಡೆ? ಕೊಂಡುವಾ!' ಹುಡುಗ ಹಟ್ಟಿಯ ಹತ್ತಿರ ಕಟ್ಟಿದ್ದ ಕರಿಯನನ್ನು ಬಿಚ್ಚಿ ತಂದು ಅಜ್ಜ–ಅಜ್ಜಿಯ ಕುರ್ಚಿಗಳ ನಡುವೆ ಕೂರಿಸಿದ. ರೀಲಿನಲ್ಲಿ ಇದ್ದದ್ದೇ 36 ಫೋಟೋ, ಪೂಜೆಗೇ ಮುಕ್ಕಾಲು ಮುಗಿದಿತ್ತು. ಫೋಟೋದವನು ಕಾಯದೆ ಕ್ಲಿಕ್ ಮಾಡಿದ. ದೊಡ್ಡಪ್ಪ ಕೈ ಎತ್ತಿರುವುದು ಆಶೀರ್ವಾದಕ್ಕಲ್ಲ, 'ಅದಲ್ಲ, ಅದಲ್ಲ' ಅನ್ನುತ್ತಿದ್ದಾರೆ. ಈಗ ಅವರ ಸೊಂಟ ನೋಡು."

ಸೊಂಟದಲ್ಲಿ ಏನಿದೆ ಅಂತ ಬರೆಯಲಿಲ್ಲ. ಅಷ್ಟು ಭಾಗವನ್ನು ಮಾತ್ರ ದೊಡ್ಡದಾಗಿ ಸ್ಕ್ಯಾನ್ ಮಾಡಿ ಬೇರೆ ಕಳಿಸಿದೆ. ನಿಮ್ಮ ಫೋಟೋದಲ್ಲೂ ಹೀಗೆ ಕಣ್ಣಿಗೆ ಬೀಳುವ ಏನಾದರೂ ಇದ್ದರೆ ಅದನ್ನು ವಿವರಿಸಬೇಡಿ, ಅವರೇ ಹುಡುಕಲಿ.

ಬರೆಯುವ ಮೊದಲು ಅಲ್ಲಿದ್ದವರಲ್ಲಿ ಇಬ್ಬರನ್ನಾದರೂ ಕೇಳಿ. ನಾಯಿ ತಂದದ್ದು ಚಿಕ್ಕಪ್ಪ ಅಂತಲೇ ನಾನು ನಂಬಿದ್ದೆ. ಫೋಟೋದಲ್ಲಿ ಹಗ್ಗ ಹಿಡಿದಿರುವುದು ಅವರೇ ಅಲ್ವಾ! ಅಜ್ಜಿ ತಿದ್ದಿದರು: ಕರಿಯ ಊಟದ ಎಲೆಗೆ ಹಾರಬಾರದು ಅಂತ ಅವರು ಆಮೇಲೆ ಹಿಡಿದದ್ದಂತೆ.

ಈ ತಮಾಷೆ ಈಗ ಮನೆಯಲ್ಲಿ ಹೇಗೆ ಬಳಕೆಯಲ್ಲಿದೆ ಅಂತಲೂ ಬರೆಯಿರಿ, ಸೇರಿದಾಗ ಬೇಕಾಗುವುದು ಅದೇ. ಕನ್ನಡಕ ತಲೆಮೇಲಿಟ್ಟುಕೊಂಡು ಹುಡುಕುವವರಿಗೆ ನಾವು "ಪಟ್ಟಿ ಎವಿಡೆ?" ಅನ್ನುತ್ತೇವೆ. ಜೊತೆಗೆ ಎಲ್ಲಿ ಬಳಸಬಾರದು ಅಂತಲೂ ತಿಳಿಸಿ. ಮಲಯಾಳದಲ್ಲಿ ಮನುಷ್ಯರಿಗೆ ಪಟ್ಟಿ ಅಂದರೆ ಬೈಗುಳ. ಬಾವ ಹುರುಪಿನಲ್ಲಿ ನೆರೆಮನೆಯವರಿಗೆ ಹಾಗಂದುಬಿಟ್ಟರೆ ಕಷ್ಟ.

ನಾಲ್ಕು ದಿನ ಬಿಟ್ಟು ಅವನ ಉತ್ತರ ಬಂತು: "ದೊಡ್ಡಮಾವನ ಮುಂಡಿನ ಮಡಿಕೆಯಲ್ಲಿ ಕಾಗದ!"