ಅಕ್ಟೋಬರ್ ಸ್ಟಾಕ್‌ಗೆ ಕಾದರೆ ಮಳೆಗಾಲದ ಫ್ಲೂ ಕಾಯುವುದಿಲ್ಲ

ಪ್ರಶ್ನೆ: ನಾನು ಖಾಸಗಿ ಆಸ್ಪತ್ರೆಯ ಡಯಾಲಿಸಿಸ್ ಯೂನಿಟ್‌ನಲ್ಲಿ ಸ್ಟಾಫ್ ನರ್ಸ್. ವಯಸ್ಸು 28, ಫ್ಲೂ ಬಂದು ಮಲಗಿದ್ದು ನೆನಪೇ ಇಲ್ಲ. ಈಗ ಜೂನ್‌ನಲ್ಲೇ ಎಲ್ಲರೂ ಫ್ಲೂ ಲಸಿಕೆ ಹಾಕಿಸಿಕೊಳ್ಳಿ ಅಂತಿದ್ದಾರೆ. ನೆಗಡಿ ಬಂದಾಗ ಮಾಸ್ಕ್ ಹಾಕಿಕೊಂಡರೆ ಸಾಲದೇ? ಹಾಕಿಸಲೇಬೇಕು ಅಂದರೆ ಅಕ್ಟೋಬರ್‌ನಲ್ಲಿ, ಚಳಿ ಶುರುವಾಗುವ ಮುಂಚೆ, ಹೊಸ ಸ್ಟಾಕ್ ಬಂದಮೇಲೆ ಹಾಕಿಸಿದರೆ ಆಗದೇ?

ಉತ್ತರ: "ಅಕ್ಟೋಬರ್‌ನಲ್ಲಿ ಹೊಸ ಸ್ಟಾಕ್ ಬಂದಮೇಲೆ ಹಾಕೋಣ" ಎಂದು ಫೈಲ್ ಮೇಲೆ ಬರೆದು ಸಹಿ ಹಾಕಿದವಳು ನಾನೇ. ಆಗ ನಾನು ಇನ್ಫೆಕ್ಷನ್ ಕಂಟ್ರೋಲ್ ನರ್ಸ್. ಏಪ್ರಿಲ್‌ನಲ್ಲಿ ಡಿಸ್ಟ್ರಿಬ್ಯೂಟರ್ ಕಡೆಯವನು ಲಸಿಕೆ ಇದೆ ಎಂದು ಕೇಳಿಕೊಂಡು ಬಂದಿದ್ದ, ವಾಪಸ್ ಕಳಿಸಿದೆ. ಆಗಸ್ಟ್ ಹೊತ್ತಿಗೆ ನಮ್ಮ ಡಯಾಲಿಸಿಸ್ ಯೂನಿಟ್‌ನಲ್ಲಿ ಫ್ಲೂ ಇತ್ತು, ಫ್ರಿಡ್ಜ್‌ನಲ್ಲಿ ಲಸಿಕೆ ಇರಲಿಲ್ಲ.

ತಪ್ಪು ಎಲ್ಲಿ ಆಯಿತು ಎನ್ನುವುದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಏಕೆಂದರೆ ನೀವೂ ಅದೇ ಲೆಕ್ಕ ಹಾಕುತ್ತಿದ್ದೀರಿ. ಫ್ಲೂ ಅಂದರೆ ಚಳಿಗಾಲದ ಕಾಯಿಲೆ ಎಂದು ನಾವು ಓದಿದ ಪುಸ್ತಕ ಹೇಳುತ್ತದೆ. ಆ ಪುಸ್ತಕಗಳು ಹಿಮ ಬೀಳುವ ದೇಶದಲ್ಲಿ ಬರೆದವು. ನಮ್ಮಲ್ಲಿ ಫ್ಲೂ ವರ್ಷಕ್ಕೆ ಎರಡು ಸಲ ಏರುತ್ತದೆ: ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೆ ಇನ್ನೊಮ್ಮೆ. ಕರ್ನಾಟಕದಲ್ಲಿ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಓಪಿಡಿಯ ಸಾಲು ನೋಡಿದವರಿಗೆ ಇದನ್ನು ಬೇರೆ ಹೇಳಬೇಕಿಲ್ಲ. ಅಕ್ಟೋಬರ್‌ನಲ್ಲಿ ಹಾಕಿದ ಲಸಿಕೆ ಮಳೆಗಾಲದ ಅಲೆ ದಾಟಿದ ಮೇಲೆ ಬರುತ್ತದೆ. ರಕ್ಷಣೆ ತಿಂಗಳು ಕಳೆದಂತೆ ಇಳಿಯುತ್ತಾ ಹೋಗುವುದರಿಂದ ಮುಂದಿನ ಆಗಸ್ಟ್‌ಗೆ ಅದನ್ನು ನಂಬಿಕೊಂಡು ಕೂರುವ ಹಾಗೂ ಇಲ್ಲ.

ಇನ್ನು "ಹೊಸ ಸ್ಟಾಕ್". ಏಪ್ರಿಲ್‌ನಲ್ಲಿ ಸಿಗುವುದು ಕಳೆದ ವರ್ಷ ಉಳಿದ ಮಾಲು ಎಂದುಕೊಂಡಿದ್ದೆ. ನಿಜ ಉಲ್ಟಾ. ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ಲಸಿಕೆಯಲ್ಲಿ ಯಾವ ಯಾವ ವೈರಸ್ ತಳಿ ಇರಬೇಕು ಎಂದು ಹೇಳುತ್ತದೆ: ಉತ್ತರ ಗೋಳಾರ್ಧದ ಲಸಿಕೆಗೆ ಫೆಬ್ರವರಿಯಲ್ಲಿ, ದಕ್ಷಿಣ ಗೋಳಾರ್ಧದ್ದಕ್ಕೆ ಸೆಪ್ಟೆಂಬರ್‌ನಲ್ಲಿ. ತಯಾರಿಗೆ ಸುಮಾರು ಆರು ತಿಂಗಳು ಹಿಡಿಯುತ್ತದೆ. ಹಾಗಾಗಿ ಏಪ್ರಿಲ್-ಮೇ ಹೊತ್ತಿಗೆ ಬರುವ ದಕ್ಷಿಣದ ಪ್ಯಾಕ್, ಹಿಂದಿನ ಅಕ್ಟೋಬರ್‌ನಲ್ಲಿ ಬಂದ ಉತ್ತರದ ಪ್ಯಾಕ್‌ಗಿಂತ ಈಚಿನದು. ಭೂಪಟದಲ್ಲಿ ನಾವು ಉತ್ತರಾರ್ಧದಲ್ಲೇ ಇದ್ದೇವೆ, ನಮ್ಮ ಮಳೆಗಾಲದ ಫ್ಲೂ ಮಾತ್ರ ಆಸ್ಟ್ರೇಲಿಯಾದ ಚಳಿಗಾಲದ ಜೊತೆ ಬರುತ್ತದೆ. ಪ್ಯಾಕ್ ಮೇಲೆ ಯಾವ ಗೋಳಾರ್ಧ, ಯಾವ ವರ್ಷ ಎಂದು ಮುದ್ರಿಸಿರುತ್ತಾರೆ. ಕೈಗೆ ಬಂದಾಗ ಮೊದಲು ಅದನ್ನು ಓದಿ, ಆಮೇಲೆ ಎಕ್ಸ್‌ಪೈರಿ ನೋಡಿ. ಲಸಿಕೆಯಲ್ಲಿ ನಾಲ್ಕರ ಬದಲು ಮೂರು ತಳಿ ಇದ್ದರೆ ಕಳಪೆ ಎಂದು ದೂರಬೇಡಿ. ಬಿ/ಯಮಗಾಟಾ ಎಂಬ ತಳಿ 2020ರ ಮಾರ್ಚ್ ಆದಮೇಲೆ ಪತ್ತೆಯೇ ಆಗಿಲ್ಲ, ಅದಕ್ಕೇ ಬಿಟ್ಟಿದ್ದಾರೆ.

ಈಗ ಮಾಸ್ಕ್ ವಿಷಯ. "ನೆಗಡಿ ಬಂದಾಗ" ಎಂದಿದ್ದೀರಲ್ಲ, ಎಡವುವುದು ಅಲ್ಲೇ. ವೈರಸ್ ಒಳಗೆ ಹೋಗಿ ಒಂದರಿಂದ ನಾಲ್ಕು ದಿನಕ್ಕೆ, ಸಾಮಾನ್ಯವಾಗಿ ಎರಡು ದಿನಕ್ಕೆ, ಲಕ್ಷಣ ಕಾಣುತ್ತದೆ. ಆದರೆ ಲಕ್ಷಣ ಕಾಣುವ ಹಿಂದಿನ ದಿನದಿಂದಲೇ ಉಸಿರಿನಲ್ಲಿ ವೈರಸ್ ಹೊರಬೀಳುತ್ತಿರುತ್ತದೆ. ನಮ್ಮ ಯೂನಿಟ್‌ನಲ್ಲಿ ಆಗಿದ್ದು ಇಷ್ಟೇ. ಟೆಕ್ನಿಶಿಯನ್ ಒಬ್ಬರ ಮಗುವಿಗೆ ಭಾನುವಾರ ಕೆಮ್ಮು, ಜ್ವರ. ಮಂಗಳವಾರ ಇವರು ಆರಾಮಾಗಿ ಎರಡು ಶಿಫ್ಟ್ ಮಾಡಿದರು. ಬುಧವಾರ ಗಂಟಲು ಸ್ವಲ್ಪ ಕೆರೆತ, ಒಂದು ಪ್ಯಾರಾಸಿಟಮಾಲ್ ನುಂಗಿ ಮತ್ತೆ ಎರಡು ಶಿಫ್ಟ್. ಗುರುವಾರ ಬೆಳಿಗ್ಗೆ ಮೈ ಕೆಂಡದ ಹಾಗೆ ಸುಡುತ್ತಿತ್ತು, ಆಗ ರಜೆ ಹಾಕಿದರು. ಒಂದು ಶಿಫ್ಟ್‌ಗೆ ನಾಲ್ಕು ರೋಗಿಗಳಂತೆ ಎರಡು ದಿನಕ್ಕೆ ಹದಿನಾರು ಜನ. ವಾರಕ್ಕೆರಡು ಸಲ ಡಯಾಲಿಸಿಸ್ ಮಾಡಿಸುವವರಾದ್ದರಿಂದ ಮಂಗಳವಾರದ ಬ್ಯಾಚ್ ಬೇರೆ, ಬುಧವಾರದ ಬ್ಯಾಚ್ ಬೇರೆ. ಅಷ್ಟೂ ಜನ ತಲಾ ನಾಲ್ಕು ಗಂಟೆ ಅದೇ ಹಾಲ್‌ನಲ್ಲಿ, ಫಿಸ್ಟುಲಾಕ್ಕೆ ಸೂಜಿ ಹಾಕುವಾಗ ಟೆಕ್ನಿಶಿಯನ್ ಮುಖ ಒಂದು ಮೊಳ ದೂರದಲ್ಲಿ.

ಮುಂದಿನ ವಾರ ಆ ಎರಡು ಬ್ಯಾಚ್‌ನ ಮೂವರಿಗೆ ಜ್ವರ. ಒಬ್ಬರು ಸಕ್ಕರೆ ಕಾಯಿಲೆಯ ಹಿರಿಯ ಹೆಂಗಸು, ನ್ಯುಮೋನಿಯಾ ಆಗಿ ಐಸಿಯು ಸೇರಿದರು, ಉಳಿದುಕೊಂಡರು. ಒಸೆಲ್ಟಮಿವಿರ್ ಕೊಡುವುದಕ್ಕೂ ಅಲ್ಲಿ ತಾಪತ್ರಯ. ಬೇರೆಯವರಿಗೆ ಕೊಡುವ ಹಾಗೆ 75 ಮಿಲಿಗ್ರಾಂ ದಿನಕ್ಕೆರಡು ಸಲ ಕೊಡುವಂತಿಲ್ಲ, 30 ಮಿಲಿಗ್ರಾಂ ಕೊಟ್ಟು ಆಮೇಲೆ ಪ್ರತಿ ಡಯಾಲಿಸಿಸ್ ಮುಗಿದ ಮೇಲೆ ಮತ್ತೆ 30. ಆ ಟೆಕ್ನಿಶಿಯನ್‌ನಿಂದಲೇ ಬಂತು ಎಂದು ನಾನು ಆಣೆ ಮಾಡಿ ಹೇಳಲಾರೆ. ಸ್ವಾಬ್‌ನಲ್ಲಿ ಎಲ್ಲರದ್ದೂ ಒಂದೇ ಉಪಪ್ರಕಾರ ಬಂದರೂ ಊರಿಗೆಲ್ಲ ಅದೇ ಇತ್ತು, ರೋಗಿಗಳು ಬಸ್ಸಲ್ಲೂ ಬರುತ್ತಾರೆ. ಹಾಗೆಂದು ಅವರನ್ನು ಬೈಯುವುದೂ ತಪ್ಪು. ರಜೆ ಹಾಕಿದರೆ ಸಂಬಳ ಕಡಿತ ಎಂಬ ಕಡೆ ಗಂಟಲು ಕೆರೆತಕ್ಕೆ ಯಾರೂ ಮನೆಯಲ್ಲಿ ಕೂರುವುದಿಲ್ಲ.

"ನನಗೆ ಫ್ಲೂ ಬಂದೇ ಇಲ್ಲ" ಎನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. 1993-94ರಲ್ಲಿ ಗ್ಲಾಸ್ಗೋದಲ್ಲಿ ಆಸ್ಪತ್ರೆ ಸಿಬ್ಬಂದಿಯ ರಕ್ತ ಪರೀಕ್ಷೆ ಮಾಡಿದಾಗ 518 ಜನರಲ್ಲಿ 120 ಮಂದಿಗೆ ಆ ಸೀಸನ್‌ನಲ್ಲಿ ಫ್ಲೂ ತಗಲಿತ್ತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಫ್ಲೂ ಬಂದ ನೆನಪಿಲ್ಲ, ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ನೆಗಡಿ ಆದದ್ದೂ ನೆನಪಿಲ್ಲ. ನೆನಪೇ ಉಳಿಯದ ಫ್ಲೂಗೆ ಯಾರು ರಜೆ ಹಾಕಿ ಮಲಗುತ್ತಾರೆ? ಗಟ್ಟಿಮುಟ್ಟಾದ 28ರ ನರ್ಸ್‌ಗೆ ಫ್ಲೂ ಬಂದರೆ ಅದು ಒಂದು ದಿನದ ಸುಸ್ತಷ್ಟೇ ಆಗಿರಬಹುದು, ರಾತ್ರಿ ಡ್ಯೂಟಿ ಜಾಸ್ತಿಯಾಯಿತು ಅಂದುಕೊಳ್ಳುತ್ತಾಳೆ. ರೋಗಿಗೆ ಲಸಿಕೆ ಹಾಕಿದರೆ ಸಾಕಲ್ಲ ಎನ್ನಬಹುದು. ಹಾಕಲೇಬೇಕು, ಆದರೆ ಕಿಡ್ನಿ ಕೈಕೊಟ್ಟವರ ದೇಹ ಲಸಿಕೆಗೆ ನಮ್ಮಷ್ಟು ಚೆನ್ನಾಗಿ ಸ್ಪಂದಿಸುವುದಿಲ್ಲ. ನವಜಾತ ಶಿಶುಗಳ ಎನ್‌ಐಸಿಯುನಲ್ಲಿ ಕೆಲಸ ಮಾಡುವವರಿಗಂತೂ ಆ ದಾರಿಯೇ ಇಲ್ಲ, ಆರು ತಿಂಗಳು ತುಂಬದ ಕೂಸಿಗೆ ಈ ಲಸಿಕೆ ಹಾಕುವುದಿಲ್ಲ.

ಎಷ್ಟು ಕೆಲಸ ಮಾಡುತ್ತದೆ ಎಂದು ಕೇಳಿದರೆ, ತಳಿ ಚೆನ್ನಾಗಿ ಹೊಂದಿದ ವರ್ಷ ವೈದ್ಯರ ಬಳಿ ಹೋಗುವ ಮಟ್ಟದ ಫ್ಲೂವನ್ನು ನೂರಕ್ಕೆ 40ರಿಂದ 60ರಷ್ಟು ತಗ್ಗಿಸುತ್ತದೆ. ಹೊಂದದ ವರ್ಷ ಇನ್ನೂ ಕಡಿಮೆ. ಇದು ನಿಮಗೆ ಸಿಗುವ ಲಾಭ. ರೋಗಿಗೆ ಎಷ್ಟು ಲಾಭ ಎಂಬುದರಲ್ಲಿ ವಾದ ಇದೆ, ಅದನ್ನು ಮುಚ್ಚಿಡುವುದಿಲ್ಲ. 2000ದಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದರಲ್ಲಿ, ವೃದ್ಧರು ದೀರ್ಘಕಾಲ ಇರುವ 20 ಆಸ್ಪತ್ರೆಗಳಲ್ಲಿ ಕೆಲವು ಕಡೆ ಸಿಬ್ಬಂದಿಗೆ ಲಸಿಕೆ ಕೊಟ್ಟರು. ಅಲ್ಲಿ ರೋಗಿಗಳ ಸಾವು ನೂರಕ್ಕೆ 13.6, ಕೊಡದ ಕಡೆ 22.4. ಆದರೆ ಸ್ವಾಬ್ ತೆಗೆದು ನೋಡಿದಾಗ ಎರಡೂ ಕಡೆ ಫ್ಲೂ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಹಾಗಾದರೆ ಸಾವು ಇಳಿದದ್ದಕ್ಕೆಲ್ಲ ಲಸಿಕೆಯೇ ಕಾರಣವೇ ಎಂದು ಟೀಕಾಕಾರರು ಕೇಳಿದ್ದು ನ್ಯಾಯವೇ. ನನ್ನ ಮಟ್ಟಿಗೆ ಲೆಕ್ಕ ಸರಳ: ಸೋಂಕೇ ತಗಲದ ನರ್ಸ್ ಸೋಂಕು ಹಂಚುವುದಿಲ್ಲ. ಎಷ್ಟು ಜೀವ ಉಳಿಯಿತು ಎಂಬ ದೊಡ್ಡ ಅಂಕಿ ಹೇಳಿ ಸಿಬ್ಬಂದಿಯನ್ನು ಹೆದರಿಸುವ ಪೋಸ್ಟರ್ ನನಗೆ ಹಿಡಿಸುವುದಿಲ್ಲ.

ಹಾಕುವಾಗ ಕೆಡುವುದು ಮುಖ್ಯವಾಗಿ ಎರಡು ಕಡೆ. ಮೊದಲನೆಯದು ಫ್ರಿಡ್ಜ್. 2ರಿಂದ 8 ಡಿಗ್ರಿ ಇರಬೇಕು. ಪ್ಯಾಕ್ ನಡುವಿನ ತಟ್ಟೆಯಲ್ಲಿರಲಿ, ಬಾಗಿಲಲ್ಲೂ ಬೇಡ, ಫ್ರೀಜರ್ ಗೋಡೆಗೆ ತಾಗಿಸಿಯೂ ಬೇಡ. ಒಮ್ಮೆ ಹೆಪ್ಪುಗಟ್ಟಿದರೆ ಎಸೆಯಬೇಕು. ಪೆಂಟಾವಲೆಂಟ್‌ಗೆ ಮಾಡುವಂತೆ ಕುಲುಕಿ ನೋಡುವ ಪರೀಕ್ಷೆ ಇಲ್ಲಿ ನಡೆಯುವುದಿಲ್ಲ. ಅದು ಅಲ್ಯೂಮಿನಿಯಂ ಇರುವ ಲಸಿಕೆಯಲ್ಲಿ ಮಾತ್ರ ಗರಣೆ ತೋರಿಸುತ್ತದೆ, ನಾವು ಸಾಮಾನ್ಯವಾಗಿ ಬಳಸುವ ಫ್ಲೂ ಲಸಿಕೆಯಲ್ಲಿ ಅದು ಇರುವುದಿಲ್ಲ. ಕಣ್ಣಿಗೆ ಚೆನ್ನಾಗಿಯೇ ಕಾಣುವ, ಕೆಟ್ಟುಹೋದ ಲಸಿಕೆ ಚುಚ್ಚಿಬಿಡಬಹುದು. ಹಾಗಾಗಿ ನಂಬಬೇಕಾದ್ದು ತಾಪಮಾನದ ರಿಜಿಸ್ಟರ್ ಒಂದನ್ನೇ.

ಎರಡನೆಯದು ಭುಜ. 0.5 ಮಿಲಿ, ಡೆಲ್ಟಾಯ್ಡ್ ಸ್ನಾಯುವಿಗೆ, ಒಂದಿಂಚಿನ ಸೂಜಿ, ನೇರವಾಗಿ. ಭುಜದ ಮೂಳೆಯ ತುದಿಯಿಂದ ಎರಡು ಮೂರು ಬೆರಳು ಕೆಳಗೆ. ಚುಚ್ಚುವವರು ನಿಂತು, ಹಾಕಿಸಿಕೊಳ್ಳುವವರು ಕೂತಿದ್ದರೆ ಕೈ ತಾನಾಗಿ ಮೇಲಕ್ಕೆ ಹೋಗಿ ಕೀಲಿನ ಹತ್ತಿರ ಬೀಳುತ್ತದೆ, ಆಗ ತಿಂಗಳುಗಟ್ಟಲೆ ತೋಳು ಎತ್ತಲಾಗದ ನೋವು ಬರಬಹುದು. ಇಬ್ಬರೂ ಕೂತುಕೊಳ್ಳಿ, ತೋಳು ಪೂರ್ತಿ ಬಿಚ್ಚಿ. ಸೂಜಿ ಹಾಕುವ ಕೆಲಸದವರು ಬಲಗೈಯವರಾದರೆ ಎಡಗೈಗೆ ಹಾಕಿಸಿಕೊಳ್ಳುವುದು ಒಳ್ಳೆಯದು, ಒಂದೆರಡು ದಿನ ತೋಳು ಹಿಡಿದುಕೊಂಡಂತಿರುತ್ತದೆ. ಇಡೀ ಯೂನಿಟ್‌ಗೆ ಒಂದೇ ದಿನ ಹಾಕಬೇಡಿ, ಮಾರನೇ ದಿನ ಮೈಕೈ ನೋವೆಂದು ನಾಲ್ಕು ಜನ ಒಟ್ಟಿಗೆ ಬಾರದಿದ್ದರೆ ಶಿಫ್ಟ್ ನಡೆಯುವುದಿಲ್ಲ.

ನಿಮ್ಮ ಸೂಪರ್‌ವೈಸರ್‌ಗೆ ಒಂದು ಮಾತು ಹೇಳಿ. ಎಚ್ಆರ್ ಕೊಡುವ ಪಟ್ಟಿಯಲ್ಲಿ ಸಂಬಳದ ರಿಜಿಸ್ಟರ್‌ನಲ್ಲಿ ಇರುವವರಷ್ಟೇ ಇರುತ್ತಾರೆ. ಬೆಡ್ ಒರೆಸುವ ಆಯಾ, ವೀಲ್‌ಚೇರ್ ತಳ್ಳುವ ವಾರ್ಡ್ ಬಾಯ್, ಊಟದ ಟ್ರೇ ತರುವ ಹುಡುಗ ಎಲ್ಲ ಗುತ್ತಿಗೆಯವರು, ಅವರ ಹೆಸರು ಬಿಟ್ಟುಹೋಗುತ್ತದೆ. ರೋಗಿಯ ತಲೆಯ ಹತ್ತಿರ ಬಗ್ಗುವುದು ಡಾಕ್ಟರ್‌ಗಿಂತ ಅವರೇ ಹೆಚ್ಚು. ಡ್ಯೂಟಿ ಚಾರ್ಟ್ ಹಿಡಿದು ಪಟ್ಟಿ ಮಾಡಿ, ರಾತ್ರಿ ಪಾಳಿಯವರಿಗೆ ರಾತ್ರಿಯೇ ಹೋಗಿ ಹಾಕಿ.

ಜೂನ್‌ನಲ್ಲಿ ಕೊಡುತ್ತಿದ್ದಾರೆ ಅಂದರೆ ನಿಮ್ಮವರು ನನಗಿಂತ ಬುದ್ಧಿವಂತರು, ಈ ವಾರವೇ ತೋಳು ಕೊಡಿ. ಹಿಂದೆ ಫ್ಲೂ ಲಸಿಕೆಗೆ ತೀವ್ರ ಅಲರ್ಜಿ ಆಗಿದ್ದರೆ, ಗಿಲಾನ್-ಬಾರೆ ಬಂದಿದ್ದರೆ ಮಾತ್ರ ಮೊದಲು ವೈದ್ಯರ ಹತ್ತಿರ ಮಾತಾಡಿ. ರಕ್ಷಣೆ ಬರಲು ಸುಮಾರು ಎರಡು ವಾರ ಬೇಕು. ಮೂರನೇ ದಿನ ನೆಗಡಿ ಬಂದರೆ "ಲಸಿಕೆಯಿಂದಲೇ ಫ್ಲೂ ಬಂತು" ಎಂದು ಯೂನಿಟ್ ತುಂಬ ಹಬ್ಬಿಸಬೇಡಿ. ಚುಚ್ಚುವ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ, ಅದು ಮೊದಲೇ ಹತ್ತಿದ್ದು, ಇಲ್ಲವೇ ಬೇರೆ ಯಾವುದೋ ನೆಗಡಿ ವೈರಸ್. ಜ್ವರ ಇದ್ದರೆ ಮನೆಯಲ್ಲಿರಿ. ಪ್ಯಾರಾಸಿಟಮಾಲ್ ಇಲ್ಲದೆಯೇ 24 ಗಂಟೆ ಜ್ವರ ಬಾರದೆ ಕಳೆದ ಮೇಲೆ ಡ್ಯೂಟಿಗೆ ಬನ್ನಿ, ಕೆಮ್ಮು ಪೂರ್ತಿ ಹೋಗುವವರೆಗೆ ಮಾಸ್ಕ್ ತೆಗೆಯಬೇಡಿ.