ಹಲೋ ಅಂದವರಿಗೆ ಉತ್ತರ ಯಾವ ಧಾಟಿಯಲ್ಲಿರಬೇಕು?

ಪ್ರಶ್ನೆ: ಕೋಲಾರದ ನಮ್ಮ ನರ್ಸರಿಗೆ ವಾಟ್ಸಾಪಲ್ಲಿ ‘ಹಲೋ’ ಅಂತ ಬರುತ್ತೆ. ಎಲ್ಲರಿಗೂ ಒಂದೇ ಶುದ್ಧ ಕನ್ನಡದ ಉತ್ತರ ಕಳಿಸಿದರೆ ತಪ್ಪೇನು?

ತಪ್ಪಲ್ಲ, ಆದರೆ ದೂರ ನಿಲ್ಲಿಸಿದಂತೆ ಆಗುತ್ತದೆ. ಕನ್ನಡದಲ್ಲಿ ಬರೆಯುವ ರೂಪ ಬೇರೆ, ಆಡುವ ರೂಪ ಬೇರೆ. ‘ಮಾಡುತ್ತೇನೆ’ ಪತ್ರದ್ದು, ‘ಮಾಡ್ತೀನಿ’ ಬಾಯಿಯದ್ದು. ಯಾವುದನ್ನು ಆರಿಸುತ್ತೀರೋ ಅದೇ ನಿಮ್ಮಿಬ್ಬರ ನಡುವಿನ ಅಂತರವನ್ನು ಹೇಳಿಬಿಡುತ್ತದೆ.

ಒಬ್ಬರು ‘ಹಲೋ ಅಣ್ಣ, ಟೊಮೇಟೊ ಸಸಿ ಐತಾ?’ ಅಂತ ಬರೆದರು ಅಂದುಕೊಳ್ಳಿ. ‘ನಮಸ್ಕಾರ. ಸಸಿಗಳು ಲಭ್ಯವಿವೆ. ತಮಗೆ ಎಷ್ಟು ಬೇಕಾಗಿವೆ?’ ಅಂದರೆ ಸರ್ಕಾರಿ ನೋಟಿಸ್ ಓದಿದ ಹಾಗಿರುತ್ತದೆ, ಅಲ್ವಾ? ‘ಹಲೋ ಅಣ್ಣ, ಇದೆ. ಎಷ್ಟು ಬೇಕಿತ್ತು ಹೇಳಿ’ ಅನ್ನಿ, ಮಾತು ಮುಂದುವರಿಯುತ್ತದೆ. ಅದೇ ‘ನಮಸ್ಕಾರ, ಸಸಿಗಳ ದರ ತಿಳಿಸುವಿರಾ?’ ಅಂತ ಬಂದರೆ ‘ನಮಸ್ಕಾರ ಸರ್, ದರ ಕಳಿಸುತ್ತೇನೆ’ ಸರಿ. ಅಲ್ಲಿ ‘ಕಳಿಸ್ತೀನಿ’ ಸ್ವಲ್ಪ ಸಲಿಗೆ ಜಾಸ್ತಿ ಅನ್ನಿಸಬಹುದು.

ಜನ ಎಡವುವುದು ಇಲ್ಲಿ: ಆಡುಮಾತು ಅಂದರೆ ಮರ್ಯಾದೆ ಬಿಡುವುದು ಅಂದುಕೊಳ್ಳುತ್ತಾರೆ. ಇವೆರಡೂ ಬೇರೆ ಬೇರೆ. ‘ಹೇಳು’ ಏಕವಚನ, ‘ಹೇಳಿ’ ಬಹುವಚನ. ‘ಬರ್ತೀಯಾ’ ಸಲಿಗೆ, ‘ಬರ್ತೀರಾ’ ಗೌರವ. ಕೊನೆಯ ಎರಡೂ ಆಡುಮಾತೇ. ಹಾಗಾಗಿ ರೂಪ ಸಡಿಲ ಮಾಡಿ, ‘ನೀವು’ ಮಾತ್ರ ಬಿಡಬೇಡಿ.

ಇನ್ನೊಂದು ಮಾತು. ಅವರು ‘ಐತಾ’ ಅಂದರು ಅಂತ, ನಿಮ್ಮ ಬಾಯಿಗೆ ಆ ಮಾತು ರೂಢಿ ಇಲ್ಲದಿದ್ದರೆ ನೀವೂ ‘ಐತೆ’ ಅನ್ನಬೇಡಿ. ಸುಮ್ನೆ ಅಣಕಿಸಿದಂತೆ ಕೇಳಿಸುತ್ತದೆ. ‘ಇದೆ’ ಸಾಕು.