ದಿಢೀರ್ ನೀರುದೋಸೆ ಹಿಟ್ಟಿಗೊಂದು ಮೊದಲ ಸಾಲು

ಪ್ರಶ್ನೆ: ಮನೆಯಲ್ಲೇ ಹಿಟ್ಟು, ಪುಡಿಗಳನ್ನು ಮಾಡಿ ಮಾರುತ್ತೇನೆ. ಹೊಸದೇನಾದರೂ ತಂದಾಗ ಇನ್‌ಸ್ಟಾಗ್ರಾಮ್‌ನಲ್ಲಿ ಹಾಕುತ್ತೇನೆ, ಯಾರೂ ನಿಂತು ಓದುವುದಿಲ್ಲ. ಮೊದಲ ಸಾಲು ಹೇಗಿರಬೇಕು?

ಉಡುಪಿಯಲ್ಲಿರುವ ನನ್ನ ಅತ್ತಿಗೆಯೂ ಇದೇ ಕೆಲಸ ಮಾಡುತ್ತಾರೆ. ಅವರ ಪೋಸ್ಟುಗಳನ್ನು ಬರೆದುಕೊಡುವವಳು ನಾನೇ. ದಿಢೀರ್ ನೀರುದೋಸೆ ಹಿಟ್ಟು ತಂದಾಗ ಅವರು ಬರೆದಿದ್ದ ಸಾಲು ಹೀಗಿತ್ತು: "ಎಲ್ಲರಿಗೂ ನಮಸ್ಕಾರ, ನಮ್ಮ ಹೊಸ ಉತ್ಪನ್ನವನ್ನು ನಿಮಗೆ ಪರಿಚಯಿಸಲು ಸಂತೋಷಪಡುತ್ತೇವೆ." ಫೀಡಿನಲ್ಲಿ ಚಿತ್ರದ ಕೆಳಗೆ ಸುಮಾರು ಎರಡು ಸಾಲಷ್ಟೇ ಕಾಣಿಸಿ, ಉಳಿದದ್ದು "more" ಎಂಬುದರ ಹಿಂದೆ ಅಡಗುವುದರಿಂದ, ನೀರುದೋಸೆ ಎಂಬ ಪದವೇ ಓದುಗರ ಕಣ್ಣಿಗೆ ಬಿದ್ದಿರಲಿಲ್ಲ.

"ದಿಢೀರ್ ನೀರುದೋಸೆ ಹಿಟ್ಟು ಈಗ ಲಭ್ಯ" ಎಂದು ತಿದ್ದಿದೆವು. ವಿಷಯವೇನೋ ಸ್ಪಷ್ಟವಾಯಿತು, ಆದರೆ ಅದು ಅಂಗಡಿಯ ಫಲಕದಂತಿತ್ತು. ಅದರಲ್ಲಿ ಕೊಳ್ಳುವವರು ಇರಲಿಲ್ಲ. ಆಗ ನಾನು ಅತ್ತಿಗೆಯ ವಾಟ್ಸಾಪ್ ತೆರೆದು, ಹಳೆಯ ಗಿರಾಕಿಗಳು ಬರೆದ ಸಂದೇಶಗಳನ್ನು ಓದಿದೆ. ಒಬ್ಬರು, "ರಾತ್ರಿ ಅಕ್ಕಿ ನೆನೆಹಾಕಲು ಮರೆತೆ ಅಕ್ಕ, ನಾಳೆ ಬೆಳಿಗ್ಗೆಗೆ ಏನಾದರೂ ಇದೆಯಾ?" ಎಂದು ಕೇಳಿದ್ದರು. ನೀರುದೋಸೆಗೆ ಹುಳಿ ಬರಿಸುವ ಗೋಜಿಲ್ಲ. ಅಡ್ಡಿಯಾಗುವುದು ನೆನೆಸಿ, ನುಣ್ಣಗೆ ರುಬ್ಬುವ ಕೆಲಸ ಮಾತ್ರ. ನಮ್ಮ ಹಿಟ್ಟು ಉಳಿಸುವುದೂ ಅದನ್ನೇ.

"ಅಕ್ಕಿ ನೆನೆಹಾಕಲು ಮರೆತಿರಾ?" ಎಂದು ಮೊದಲು ಬರೆದೆ. ಆದರೆ ಮರೆಯದವರು ಮನಸ್ಸಿನಲ್ಲೇ ಇಲ್ಲವೆಂದು ಮುಂದೆ ಸರಿಯುತ್ತಾರೆ. ಹಾಗಾಗಿ "ಅಕ್ಕಿ ನೆನೆಹಾಕಲು ಮರೆತ ದಿನವೂ ಬೆಳಿಗ್ಗೆ ನೀರುದೋಸೆ" ಎಂದು ಬದಲಿಸಿದೆ. ಹಿಟ್ಟಿನ ಹೆಸರು, ತೂಕ, ಬೆಲೆ ಎರಡನೆಯ ಸಾಲಿಗೆ ಹೋದವು. ಪೊಟ್ಟಣದ ಚಿತ್ರದ ಬದಲು, ಕಾವಲಿಯಿಂದ ಮಡಚಿ ತೆಗೆಯುತ್ತಿರುವ ದೋಸೆಯ ಚಿತ್ರ ಹಾಕಿ, ಅದೇ ಸಾಲನ್ನು ಚಿತ್ರದ ಮೇಲೂ ದೊಡ್ಡ ಅಕ್ಷರದಲ್ಲಿ ಬರೆದೆವು. ಏಕೆಂದರೆ ಬೆರಳು ನಿಲ್ಲುವುದು ಮೊದಲು ಚಿತ್ರದ ಬಳಿ.

"ನೀವೂ ಈ ತಪ್ಪು ಮಾಡುತ್ತಿದ್ದೀರಾ?" ಎಂಬಂಥ ಸಾಲುಗಳನ್ನು ದಯವಿಟ್ಟು ಬಳಸಬೇಡಿ. ಒಮ್ಮೆ ನಾವೂ ಬಳಸಿದ್ದೆವು. ನೋಡಿದವರು ಹೆಚ್ಚಾದರು, ಆದರೆ ಕಾಮೆಂಟುಗಳಲ್ಲಿ "ಯಾವ ತಪ್ಪು?" ಎಂಬುದೇ ತುಂಬಿತ್ತು. ಸರಿಯಾದ ಸಾಲಿಗೆ ಬರುವ ಪ್ರಶ್ನೆಗಳು ಬೇರೆ: "ಬೆಲೆ ಎಷ್ಟು?", "ಮಂಗಳೂರಿಗೆ ಕಳಿಸುತ್ತೀರಾ?" ಇವುಗಳ ಸಂಖ್ಯೆಯನ್ನು ನೋಡಿ, ಲೈಕುಗಳನ್ನಲ್ಲ. ಹಾಗೆಯೇ, ಸಾಲು ಹೇಳಿದ್ದನ್ನು ಹಿಟ್ಟು ಮಾಡಿ ತೋರಿಸಬೇಕು. ನೀರು ಬೆರೆಸಿ ಅರ್ಧ ಗಂಟೆ ಬಿಡಬೇಕಾದ ಹಿಟ್ಟಿಗೆ "ಎರಡೇ ನಿಮಿಷ" ಎಂದರೆ ಗಿರಾಕಿ ಮತ್ತೆ ಬರುವುದಿಲ್ಲ.

ಎರಡು ಸಾಲುಗಳ ನಡುವೆ ಗೊಂದಲವಾದರೆ, ಒಂದೇ ಚಿತ್ರದೊಂದಿಗೆ ಇವತ್ತೊಂದು, ಮುಂದಿನ ವಾರ ಇದೇ ದಿನ ಮತ್ತೊಂದು ಎಂದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿ, ಉತ್ತರ ಬರೆದವರನ್ನು ಎಣಿಸಿ. ಹೆಚ್ಚು ಉತ್ತರ ತಂದ ಸಾಲನ್ನೇ ಇನ್‌ಸ್ಟಾಗ್ರಾಮ್‌ಗೆ ಬಳಸಿ.